ಅಂಟಿಸಿದ ಇಮೇಲ್ ಸರಣಿ: "ಹಣ ಕೊಡಬೇಡಿ" ಎಂದದ್ದು ಹಣ ಹೋಗುವ ಮೊದಲೋ, ಆಮೇಲೋ?

ತುಂಗೆಯ ದಡ (ತೀರ್ಥಹಳ್ಳಿ ತಾಲ್ಲೂಕು)

ನಮ್ಮ ಊರಿನ ಬೆಳೆಗಾರರ ಗುಂಪಿನಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಕೊಳ್ಳುವ ವಿಷಯಕ್ಕೆ ದೊಡ್ಡ ಜಗಳವಾಗಿದೆ. ಖಜಾಂಚಿ ಅರವತ್ತು ಸಾವಿರ ರೂಪಾಯಿ ಮುಂಗಡ ಕಳುಹಿಸಿದರು. ಅಧ್ಯಕ್ಷರು "ನಾನು ಹಿಂದಿನ ದಿನವೇ ಬೇಡ ಎಂದು ಬರೆದಿದ್ದೆ" ಎನ್ನುತ್ತಾರೆ. ವರ್ಕ್‌ಶಾಪಿನವರು ಹಣ ವಾಪಸು ಕೊಡುವುದಿಲ್ಲವಂತೆ, ಬೇರೆ ಯಂತ್ರಕ್ಕೆ ವಜಾ ಮಾಡಿಕೊಳ್ಳುತ್ತಾರಂತೆ. ಸಭೆಯಲ್ಲಿ ಒಬ್ಬರು ಇಮೇಲ್‌ನ ಪ್ರಿಂಟ್ ಹಂಚಿದರು. ಅದನ್ನು ಓದಿದವರೆಲ್ಲ ಖಜಾಂಚಿಯ ಮೇಲೆ ಮುಗಿಬಿದ್ದರು. ಮೂವತ್ತು ವರ್ಷ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಮಾಡದ ಮನುಷ್ಯ, ತಲೆ ತಗ್ಗಿಸಿ ಎದ್ದು ಹೋದರು. ನನಗೆ ಅದು ಸರಿ ಕಾಣಲಿಲ್ಲ. ಮುಂದಿನ ಸಭೆಗೆ "ಯಾರು, ಯಾವಾಗ, ಏನು ಹೇಳಿದರು" ಎಂದು ಬರೆದು ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಂಚಿದ ಪ್ರಿಂಟ್ ಇದು. ಹೆಸರುಗಳ ಜಾಗದಲ್ಲಿ ಹುದ್ದೆ ಹಾಕಿದ್ದೇನೆ. ಮೇಲಿನ ಮಾತು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಊರಿನವರೊಬ್ಬರದು, ಅವರೂ ಸಮಿತಿಯಲ್ಲಿದ್ದಾರೆ.

```
ನನ್ನ ಮಾತು ನಡುನಡುವೆ ಬರೆದಿದ್ದೇನೆ.

On Sat, Jun 8, 2024 at 7:40 PM ಅಧ್ಯಕ್ಷರು wrote:
> ಈಗಲೇ ಹಣ ಕೊಡಬೇಡಿ. ಚಿಕ್ಕ ಡ್ರೈಯರ್ ಸಾಕೇ ನೋಡೋಣ.
ನನಗೂ ಹಾಗೆಯೇ ಅನಿಸುತ್ತದೆ.
>
> On Sat, Jun 8, 2024 at 9:05 AM ಖಜಾಂಚಿ wrote:
>> ಭಾನುವಾರ ಬೆಳಿಗ್ಗೆ ಮುಂಗಡ ಕಳುಹಿಸುತ್ತೇನೆ. ದೊಡ್ಡ ಡ್ರೈಯರ್‌ಗೆ
ಎಲ್ಲರ ಒಪ್ಪಿಗೆ ಇದೆ ಎಂದುಕೊಂಡಿದ್ದೇನೆ.
>>
>> On Fri, Jun 7, 2024 at 6:30 PM ಅಧ್ಯಕ್ಷರು wrote:
>>> ದೊಡ್ಡ ಡ್ರೈಯರ್‌ಗೆ ಮುಂಗಡ ಕೊಡೋಣವೇ?
>>> ಭಾನುವಾರ ಸಂಜೆಯೊಳಗೆ ತಿಳಿಸಿ.
```

ಹಣ ಹೋದದ್ದು ಜೂನ್ 9, ಭಾನುವಾರ ಬೆಳಿಗ್ಗೆ 7.31ಕ್ಕೆ. ಬ್ಯಾಂಕಿನ ಸಂದೇಶ ಖಜಾಂಚಿಯ ಮೊಬೈಲಿನಲ್ಲಿದೆ. ಪ್ರಿಂಟ್ ಪ್ರಕಾರ ಅಧ್ಯಕ್ಷರು ಶನಿವಾರ ಸಂಜೆ 7.40ಕ್ಕೇ ಬೇಡ ಎಂದಿದ್ದಾರೆ. ಇದು ನಿಜವೇ? ಇದನ್ನು ಓದುವ ಸರಿಯಾದ ಕ್ರಮ ಯಾವುದು?

---

ಕೊಡಚಾದ್ರಿಯ ಗಾಳಿ

ಇದರಲ್ಲಿ ಓದುವುದಕ್ಕೆ ಏನಿದೆ? ಶನಿವಾರ ಸಂಜೆ ಬೇಡ ಎಂದಿದ್ದಾರೆ, ಭಾನುವಾರ ಬೆಳಿಗ್ಗೆ ಇವರು ಕಳುಹಿಸಿದ್ದಾರೆ. ನಡುವೆ ಒಂದು ಇಡೀ ರಾತ್ರಿ ಇತ್ತು. ಖಜಾಂಚಿ ಒಳ್ಳೆಯವರಿರಬಹುದು, ಆದರೆ ಸಮಿತಿಯ ಹಣ ಸಮಿತಿಯದು.

ಹೊಸನಗರದ ಕೃಷಿಕ

ದೊಡ್ಡದು ಎಂದರೆ ಎಷ್ಟು ಕ್ವಿಂಟಲ್ ಹಿಡಿಯುವುದು? ಸೌದೆಯದೋ, ಕರೆಂಟಿನದೋ? ನಮ್ಮ ಕಡೆ ಕೊಯ್ಲಿನ ಹೊತ್ತಿಗೆ ಕರೆಂಟು ನಂಬಿದರೆ ಬೇಯಿಸಿದ ಅಡಿಕೆಗೆ ಬೂಸ್ಟು ಹಿಡಿಯುತ್ತದೆ. ಸೌದೆಯದನ್ನೇ ತೆಗೆದುಕೊಳ್ಳಿ.

ಸಾಗರದ ಓದುಗ

ಇಂಥ ಸರಣಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹಳೆಯದು ಎಲ್ಲಕ್ಕಿಂತ ಕೆಳಗೆ ಇರುತ್ತದೆ. `>` ಗುರುತು ಹೆಚ್ಚಾದಷ್ಟೂ ಮಾತು ಹಳೆಯದು. ಒಂದು `>` ಇರುವ ಸಾಲುಗಳೆಲ್ಲ ಒಬ್ಬರದು, ಎರಡಿರುವವೆಲ್ಲ ಇನ್ನೊಬ್ಬರದು, ಮೂರಿರುವವು ಮತ್ತೊಬ್ಬರದು. ಗುರುತೇ ಇಲ್ಲದವು ಕೊನೆಗೆ ಬರೆದವರದು. ಹಾಗಾಗಿ "ಎಲ್ಲರ ಒಪ್ಪಿಗೆ ಇದೆ ಎಂದುಕೊಂಡಿದ್ದೇನೆ" ಎಂದವರು ಕ್ಯಾಲಿಫೋರ್ನಿಯಾದವರು. ಅವರು ದೊಡ್ಡದಕ್ಕೆ ಒಪ್ಪಿದ್ದಾರೆ!

ತುಂಗೆಯ ದಡ

ಸಭೆಯಲ್ಲೂ ಒಬ್ಬರು ಹೀಗೇ ಹೇಳಿದರು. ಆದರೆ ಅವರೇ ಕೆಲವು ಸಾಲು ಮೇಲೆ ಅಧ್ಯಕ್ಷರ "ಕೊಡಬೇಡಿ"ಗೆ "ನನಗೂ ಹಾಗೆಯೇ ಅನಿಸುತ್ತದೆ" ಎಂದಿದ್ದಾರಲ್ಲ? ಒಂದೇ ಪತ್ರದಲ್ಲಿ ಹೌದು ಮತ್ತು ಇಲ್ಲ ಎರಡನ್ನೂ ಹೇಗೆ ಹೇಳುತ್ತಾರೆ?

ಅಂಚೆ ಪೆಟ್ಟಿಗೆ (ಶಿವಮೊಗ್ಗ)

ಹೇಳಲಾರರು. ಆ ಸಾಲು ಅವರದಲ್ಲ.

ಮೇಲ್ ಸರ್ವರ್‌ಗಳ ಕೆಲಸದಲ್ಲೇ ನನ್ನ ನೌಕರಿಯೆಲ್ಲ ಕಳೆದಿದೆ, ಇಂಥ ತಕರಾರು ಬಹಳ ನೋಡಿದ್ದೇನೆ. ಸಾದಾ ಅಕ್ಷರದ ಮೇಲ್‌ಗಳಲ್ಲಿ ಉದ್ದದ ಸಾಲನ್ನು ಸುಮಾರು 70-80 ಅಕ್ಷರಕ್ಕೆ ಮುರಿಯುವ ಅಭ್ಯಾಸ ಹಳೆಯದು. ಒಬ್ಬರ ತಂತ್ರಾಂಶ ಸಾಲಿನ ಮುಂದೆ `>>` ಹಾಕಿದಾಗ ಸಾಲು ಇನ್ನಷ್ಟು ಉದ್ದವಾಗುತ್ತದೆ. ಮುಂದಿನವರ ತಂತ್ರಾಂಶ ಅದನ್ನು ಮತ್ತೆ ಮುರಿಯುತ್ತದೆ. ಮುರಿದು ಕೆಳಗೆ ಬಿದ್ದ ತುಂಡಿಗೆ ಗುರುತು ಹಾಕಲು ಅದಕ್ಕೆ ತಿಳಿಯದಿದ್ದರೆ ತುಂಡು ಬೋಳಾಗಿ ನಿಲ್ಲುತ್ತದೆ. ಓದುವವರಿಗೆ ಅದು ಕೊನೆಯವರು ಸೇರಿಸಿದ ಹೊಸ ಮಾತಿನಂತೆ ಕಾಣುತ್ತದೆ.

ಹೇಗೆ ಗುರುತಿಸುವುದು? ಬೋಳು ಸಾಲಿನ ಮೇಲಿನ ಸಾಲು ನೋಡಿ. "ದೊಡ್ಡ ಡ್ರೈಯರ್‌ಗೆ" ಎಂಬಲ್ಲಿ ನಿಂತಿದೆ. ಪೂರ್ಣವಿರಾಮವಿಲ್ಲ, ಕ್ರಿಯಾಪದವಿಲ್ಲ. ಯಾವ ಖಜಾಂಚಿಯೂ ಅಲ್ಲಿಗೆ ವಾಕ್ಯ ನಿಲ್ಲಿಸುವುದಿಲ್ಲ. ಕೆಳಗಿನ ತುಂಡನ್ನು ಜೋಡಿಸಿ ಓದಿ: "ದೊಡ್ಡ ಡ್ರೈಯರ್‌ಗೆ ಎಲ್ಲರ ಒಪ್ಪಿಗೆ ಇದೆ ಎಂದುಕೊಂಡಿದ್ದೇನೆ." ಇದು ಖಜಾಂಚಿಯ ಮಾತು. ಅದೇ "ನನಗೂ ಹಾಗೆಯೇ ಅನಿಸುತ್ತದೆ" ಎಂಬುದರ ಮೇಲಿನ ಸಾಲು "ನೋಡೋಣ." ಎಂದು ಚುಕ್ಕಿಯೊಂದಿಗೆ ಮುಗಿದಿದೆ. ಆದ್ದರಿಂದ ಅದು ನಿಜವಾಗಿ ನಡುವೆ ಬರೆದ ಉತ್ತರ, ಕ್ಯಾಲಿಫೋರ್ನಿಯಾದವರದು.

ಸಾಗರದ ಓದುಗರೇ, ನೀವು ಹೇಳಿದ ಕ್ರಮ ಹೆಚ್ಚುಕಡಿಮೆ ಸರಿ, ಆದರೆ ಒಂದು ಕಡೆ ಜಾರಿದ್ದೀರಿ. "ಅಧ್ಯಕ್ಷರು wrote:" ಎಂಬ ಸಾಲಿಗೆ ಎಷ್ಟು ಗುರುತು ಇದೆಯೋ ಅದಕ್ಕಿಂತ ಒಂದು ಹೆಚ್ಚು ಗುರುತು ಇರುವ ಸಾಲುಗಳು ಅಧ್ಯಕ್ಷರವು. ಒಂದು ಗುರುತಿನ "ಖಜಾಂಚಿ wrote:" ಸಾಲು ಅಧ್ಯಕ್ಷರ ಪತ್ರದೊಳಗೆ ಇರುವುದು. ಅದನ್ನು ಬರೆದದ್ದು ಅಧ್ಯಕ್ಷರ ತಂತ್ರಾಂಶ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಸಾಗರದ ಓದುಗ

ಒಪ್ಪಿದೆ. ಒಂದು ಗುರುತಿನ ಸಾಲುಗಳೆಲ್ಲ ಒಬ್ಬರ ಪತ್ರದೊಳಗಿನವು ಎನ್ನಬೇಕಿತ್ತು.

ಶರಾವತಿ

ನಮ್ಮ ಮನೆಯದೂ ಇಂಥದ್ದೇ ಕತೆ. ಅಣ್ಣ ತಮ್ಮಂದಿರ ಪಾಲಿನ ವಿಷಯಕ್ಕೆ ಮೇಲ್ ಓಡಾಡುತ್ತಿತ್ತು. ನಮ್ಮ ಭಾವ ಕಚೇರಿಯ ಔಟ್‌ಲುಕ್ ಬಳಸುತ್ತಾರೆ, ಅದರಲ್ಲಿ `>` ಗುರುತೇ ಬರುವುದಿಲ್ಲ. From, Sent, To, Subject ಎಂದು ನಾಲ್ಕು ಸಾಲು ಬಂದು ಕೆಳಗೆ ಹಳೆಯ ಪತ್ರ ಇರುತ್ತದೆ, ಅಷ್ಟೇ. ಒಬ್ಬರು ನಡುವೆ ನೀಲಿ ಬಣ್ಣದಲ್ಲಿ ಉತ್ತರ ಬರೆದಿದ್ದರು. ಅದನ್ನು ಇನ್ನೊಬ್ಬರು ವಾಟ್ಸಾಪಿಗೆ ಅಂಟಿಸಿದಾಗ ಬಣ್ಣ ಹೋಯಿತು. ದೊಡ್ಡಪ್ಪ ಬರೆದ ವಾಕ್ಯ ಅಪ್ಪ ಬರೆದದ್ದು ಎಂದಾಗಿ ಆರು ತಿಂಗಳು ಮಾತು ಬಿಟ್ಟಿದ್ದರು.

ಇನ್ನೊಂದು, ದಿನಾಂಕ. ಒಬ್ಬರ ಪತ್ರದಲ್ಲಿ 06/07/2024 ಎಂದಿತ್ತು. ಅವರ ಗಣಕದಲ್ಲಿ ಅಮೆರಿಕದ ಕ್ರಮ, ತಿಂಗಳು ಮೊದಲು. ಜೂನ್ 7 ಎಂಬುದನ್ನು ನಾವೆಲ್ಲ ಜುಲೈ 6 ಎಂದು ಓದಿದೆವು. ನಿಮ್ಮದರಲ್ಲಿ Jun ಎಂದು ಅಕ್ಷರದಲ್ಲೇ ಇದೆ, ಆ ಮಟ್ಟಿಗೆ ಬಚಾವು.

ಕೊಡಚಾದ್ರಿಯ ಗಾಳಿ

ಸಾಲು ಯಾರದು ಎಂಬುದೆಲ್ಲ ಇರಲಿ. ಹೊತ್ತು ಬದಲಾಗುತ್ತದೆಯೇ? ಶನಿವಾರ ಸಂಜೆ 7.40 ಎಂದು ಯಂತ್ರವೇ ಬರೆದಿದೆ, ಅದಕ್ಕೆ ಪಕ್ಷಪಾತವಿಲ್ಲ.

ಅಂಚೆ ಪೆಟ್ಟಿಗೆ

ಯಂತ್ರ ಬರೆದದ್ದು ಹೌದು. ಯಾರ ಯಂತ್ರ ಎಂಬುದೇ ಪ್ರಶ್ನೆ.

"On Sat, Jun 8, 2024 at 7:40 PM ಅಧ್ಯಕ್ಷರು wrote:" ಎಂಬ ಸಾಲನ್ನು ಅಧ್ಯಕ್ಷರ ಗಣಕ ಬರೆದಿಲ್ಲ. ಕ್ಯಾಲಿಫೋರ್ನಿಯಾದವರು ಉತ್ತರ ಬರೆಯಲು ಒತ್ತಿದಾಗ ಅವರ ಜಿಮೇಲ್ ಬರೆಯಿತು. ಅದು ಅವರ ಗೋಡೆಯ ಗಡಿಯಾರದ ಹೊತ್ತನ್ನೇ ಹಾಕುತ್ತದೆ, ಯಾವ ದೇಶದ ಹೊತ್ತು ಎಂದು ಸಾಲಿನಲ್ಲಿ ಬರೆಯುವುದಿಲ್ಲ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಶನಿವಾರ ಸಂಜೆ 7.40ಕ್ಕೆ ಹನ್ನೆರಡೂವರೆ ಗಂಟೆ ಸೇರಿಸಿ. ಭಾನುವಾರ ಬೆಳಿಗ್ಗೆ 8.10 ಆಗುತ್ತದೆ.

ಹಣ ಹೋದದ್ದು 7.31ಕ್ಕೆ.

ತುಂಗೆಯ ದಡ

ಅಯ್ಯೋ ದೇವರೇ. ಹಾಗಾದರೆ "ಕೊಡಬೇಡಿ" ಎಂಬ ಪತ್ರ ಬಂದದ್ದು ಹಣ ಹೋಗಿ ಸುಮಾರು ನಲವತ್ತು ನಿಮಿಷದ ಮೇಲೆ! ಇದನ್ನು ಸಭೆಯಲ್ಲಿ ಒಬ್ಬರೂ ಯೋಚಿಸಲಿಲ್ಲ.

ಸಾಗರದ ಓದುಗ

ಒಂದು ನಿಮಿಷ. ಹಾಗಾದರೆ ಎಲ್ಲ ಸಾಲುಗಳಿಗೂ ಹನ್ನೆರಡೂವರೆ ಗಂಟೆ ಸೇರಿಸಬೇಕು. ಖಜಾಂಚಿ ಬರೆದದ್ದು ಶನಿವಾರ ಬೆಳಿಗ್ಗೆ 9.05ಕ್ಕಲ್ಲ, ಶನಿವಾರ ರಾತ್ರಿ 9.35ಕ್ಕೆ. ರಾತ್ರಿ ತಿಳಿಸಿ ಬೆಳಿಗ್ಗೆ ಎಂಟರೊಳಗೆ ಹಣ ಕಳುಹಿಸಿದರೆ ಅಧ್ಯಕ್ಷರಿಗೆ ಉತ್ತರಿಸಲು ಹೊತ್ತೆಲ್ಲಿತ್ತು? ಇದು ಖಜಾಂಚಿಗೆ ಇನ್ನೂ ಕೆಟ್ಟದು.

ಅಂಚೆ ಪೆಟ್ಟಿಗೆ

ಇಲ್ಲ, ಇಲ್ಲಿಯೇ ನಾನು ನೆನಪಿಟ್ಟುಕೊಳ್ಳಿ ಎಂದದ್ದು ಬೇಕಾಗುತ್ತದೆ. ಸಾಲಿನಲ್ಲಿ ಯಾರ ಹೆಸರಿದೆಯೋ ಅವರ ಊರಿನ ಹೊತ್ತಲ್ಲ ಅದು. ಕೊನೆಗೆ ಯಾರು ಬರೆದರೋ ಅವರದೂ ಅಲ್ಲ. ಆ ಸಾಲು ಯಾರ ಪತ್ರದೊಳಗೆ ಹುಟ್ಟಿತೋ ಅವರ ಊರಿನ ಹೊತ್ತು. ಹೊರಗಿನ ಸಾಲು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. "ಖಜಾಂಚಿ wrote:" ಸಾಲು ಅಧ್ಯಕ್ಷರ ಪತ್ರದಲ್ಲಿ ಹುಟ್ಟಿದ್ದು, ಅಧ್ಯಕ್ಷರು ತೀರ್ಥಹಳ್ಳಿಯಲ್ಲಿದ್ದಾರೆ. "ಅಧ್ಯಕ್ಷರು wrote: Jun 7" ಎಂಬುದು ಖಜಾಂಚಿಯ ಪತ್ರದಲ್ಲಿ ಹುಟ್ಟಿದ್ದು, ಅವರೂ ತೀರ್ಥಹಳ್ಳಿಯವರು. ಒಳಗಿನ ಎರಡು ಸಾಲುಗಳು ಆಮೇಲೆ ಬರಿಯ ಅಕ್ಷರವಾಗಿ ಮುಂದಕ್ಕೆ ಹೋದವು, ಯಾರೂ ಅವುಗಳನ್ನು ತಿದ್ದುವುದಿಲ್ಲ. ಆದ್ದರಿಂದ ಒಂದೇ ಹಾಳೆಯಲ್ಲಿ ಎರಡು ದೇಶದ ಹೊತ್ತು ಬೆರೆತಿದೆ. ಹೊರಗಿನ ಒಂದು ಸಾಲಿಗೆ ಮಾತ್ರ ಸೇರಿಸಬೇಕು.

ಖಜಾಂಚಿ ತಿಳಿಸಿದ್ದು ಶನಿವಾರ ಬೆಳಿಗ್ಗೆ 9.05ಕ್ಕೇ. ಅಂದರೆ ಅಧ್ಯಕ್ಷರಿಗೆ ಇಡೀ ಶನಿವಾರ ಇತ್ತು.

ಸಾಗರದ ಓದುಗ

ಇದು ಹೊಸದು ನನಗೆ. ಹಾಗಿದ್ದರೆ ಅಧ್ಯಕ್ಷರು ಆ ದಿನ ಊರಿನಲ್ಲೇ ಇದ್ದರೆಂದು ಖಚಿತವೇ? ಅವರ ಗಣಕದ ಹೊತ್ತು ತಪ್ಪಿದ್ದರೆ?

ಅಂಚೆ ಪೆಟ್ಟಿಗೆ

ಒಳ್ಳೆಯ ಪ್ರಶ್ನೆ. ಅದಕ್ಕೇ ಪ್ರಿಂಟ್ ನಂಬಿ ತೀರ್ಪು ಕೊಡಬಾರದು. "wrote:" ಸಾಲು ಬರಿಯ ಅಕ್ಷರ. ಮನಸ್ಸು ಬಂದರೆ ಯಾರು ಬೇಕಾದರೂ ಅಳಿಸಿ ಬೇರೆ ಹೊತ್ತು ಬರೆಯಬಹುದು, ಕೆಳಗಿನ ಮಾತನ್ನೂ ಬದಲಿಸಬಹುದು. ಮೂಲ ಪತ್ರಗಳನ್ನೇ ತೆಗೆಯಬೇಕು.

ತುಂಗೆಯ ದಡ ಅವರೇ, ಖಜಾಂಚಿಯವರ ಮನೆಗೆ ಹೋಗಿ. ಮೊಬೈಲಿನಲ್ಲಿ ಆಗುವುದಿಲ್ಲ, ಗಣಕದ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಿರಿ. ಅಧ್ಯಕ್ಷರ "ಕೊಡಬೇಡಿ" ಪತ್ರ ತೆರೆದು ಬಲಗಡೆಯ ಮೂರು ಚುಕ್ಕಿ ಒತ್ತಿ `Show original` ಆರಿಸಿ. ಮೇಲ್ಭಾಗದಲ್ಲಿ `Date:` ಮತ್ತು `Received:` ಸಾಲುಗಳಿವೆ. ಅವನ್ನು ಇಲ್ಲಿ ಹಾಕಿ, ವಿಳಾಸಗಳನ್ನು ತೆಗೆದುಬಿಡಿ.

ಮಳೆಕಾಡು

ಖಜಾಂಚಿಯವರಿಗೆ ನನ್ನ ನಮಸ್ಕಾರ ಹೇಳಿ. ಯಾರೋ ಒಬ್ಬರು ಹೊಣೆ ಹೊತ್ತು ಕೆಲಸ ಮಾಡಿದರೆ ಮಾತು ಕೇಳುವುದು ಅವರೇ.

ನಿವೃತ್ತ ಗುಮಾಸ್ತ

ನಾನೊಂದು ಮಾತು ಹೇಳುತ್ತೇನೆ, ಬೇಸರಿಸಬೇಡಿ. ಮೇಲ್‌ನಲ್ಲಿ ಯಾರು ಎಷ್ಟು ಹೊತ್ತಿಗೆ ಬರೆದರು ಎಂಬುದಕ್ಕಿಂತ ಮೊದಲ ಪ್ರಶ್ನೆ ಬೇರೆ ಇದೆ. ಠರಾವು ಆಗಿತ್ತೇ? ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕದ ಮೇಲೆ ಅರವತ್ತು ಸಾವಿರ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅಧ್ಯಕ್ಷರು "ಕೊಡೋಣವೇ?" ಎಂದು ಕೇಳಿದ್ದಾರೆ. ಅದು ಪ್ರಶ್ನೆ. ಖಜಾಂಚಿ "ಕಳುಹಿಸುತ್ತೇನೆ" ಎಂದಿದ್ದಾರೆ. ಅದು ತಿಳಿವಳಿಕೆ. ತೀರ್ಮಾನ ಎಂಬುದು ಈ ಹಾಳೆಯಲ್ಲಿ ಎಲ್ಲಿದೆ ತೋರಿಸಿ.

ವಿಷಯ ನ್ಯಾಯಾಲಯಕ್ಕೆ ಹೋದರೆ ಪ್ರಿಂಟ್ ಹಾಗೆಯೇ ನಡೆಯುವುದಿಲ್ಲ ಎಂಬುದೂ ಗೊತ್ತಿರಲಿ. ಮೊದಲು ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಕೇಳುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ.

ಕೊಡಚಾದ್ರಿಯ ಗಾಳಿ

ಗುಮಾಸ್ತರ ಮಾತು ನನಗೂ ಒಪ್ಪಿಗೆ. ತೀರ್ಮಾನವಿಲ್ಲದೆ ಹಣ ಕೊಟ್ಟದ್ದು ತಪ್ಪೇ.

ತುಂಗೆಯ ದಡ

ಗುಮಾಸ್ತರೇ, ನಮ್ಮದು ನೋಂದಾಯಿಸಿದ ಸಂಘವಲ್ಲ, ಹತ್ತಾರು ಮನೆಗಳು ಸೇರಿದ ಗುಂಪು. ನಾಲ್ಕು ಜನ ಮೇಲ್‌ನಲ್ಲಿ ಮಾತಾಡಿಕೊಂಡು ಕೆಲಸ ಮಾಡುವುದು ಮೊದಲಿನಿಂದ ನಡೆದುಬಂದದ್ದು. ಹೋದ ವರ್ಷ ಬೋರ್ಡೋ ಹೊಡೆಯುವ ಪಂಪು ಕೊಂಡದ್ದೂ ಹೀಗೇ.

ಖಜಾಂಚಿಯವರ ಮನೆಗೆ ಹೋಗಿ ಬಂದೆ. ನೋಡಿ:

```
Received: by 2002:... with SMTP id ...;
        Sat, 8 Jun 2024 19:40:24 -0700 (PDT)
Date: Sun, 9 Jun 2024 08:10:12 +0530
```

ನನಗೆ ಗಾಬರಿಯಾಗಿದೆ. `Date` ಭಾನುವಾರ ಬೆಳಿಗ್ಗೆ ಎನ್ನುತ್ತದೆ, `Received` ಶನಿವಾರ ಸಂಜೆ ಎನ್ನುತ್ತದೆ. ತಲುಪಿದ್ದು ಕಳುಹಿಸುವುದಕ್ಕಿಂತ ಮೊದಲೇ?

ಕೊಡಚಾದ್ರಿಯ ಗಾಳಿ

ನೋಡಿದಿರಾ? ಸರ್ವರೇ ಶನಿವಾರ ಎನ್ನುತ್ತಿದೆ. ಇದನ್ನು ಕ್ಯಾಲಿಫೋರ್ನಿಯಾದವರ ಗಣಕ ಬರೆದದ್ದು ಎನ್ನುವ ಹಾಗಿಲ್ಲ. ಇದು ಖಜಾಂಚಿಯ ಪೆಟ್ಟಿಗೆಗೆ ಬಂದ ಪತ್ರ.

ಅಂಚೆ ಪೆಟ್ಟಿಗೆ

ಸಮಾಧಾನ, ಇಬ್ಬರಿಗೂ. ಎರಡೂ ಒಂದೇ ಹೊತ್ತು. `+0530` ನಮ್ಮ ಹೊತ್ತು. `-0700` ಅಮೆರಿಕದ ಪಶ್ಚಿಮ ಕರಾವಳಿಯ ಬೇಸಿಗೆಯ ಹೊತ್ತು. ಗೂಗಲ್‌ನವರು ತಮ್ಮ `Received` ಸಾಲುಗಳಿಗೆ ತಮ್ಮ ಊರಿನ ಹೊತ್ತನ್ನೇ ಮುದ್ರೆ ಒತ್ತುತ್ತಾರೆ. ಪತ್ರ ಕೊಪ್ಪದಿಂದ ತೀರ್ಥಹಳ್ಳಿಗೆ ಹೋದರೂ ಅದೇ. ನಿಮ್ಮ ಪೆಟ್ಟಿಗೆಯ ಯಾವ ಪತ್ರ ತೆಗೆದರೂ ಇದೇ ಕಾಣುತ್ತದೆ, ಪರೀಕ್ಷಿಸಿ ನೋಡಿ.

ಲೆಕ್ಕ ಹೀಗೆ. 19:40:24ಕ್ಕೆ ಏಳು ಗಂಟೆ ಸೇರಿಸಿದರೆ ಗ್ರೀನಿಚ್ ಹೊತ್ತು, ಭಾನುವಾರ 02:40:24. ಅದಕ್ಕೆ ಐದೂವರೆ ಸೇರಿಸಿದರೆ ನಮ್ಮ 08:10:24. `Date` ಹೇಳುವುದು 08:10:12. ಕಳುಹಿಸಿ ಹನ್ನೆರಡು ಸೆಕೆಂಡಿಗೆ ಸರ್ವರ್ ಮುದ್ರೆ ಒತ್ತಿದೆ. ಎರಡೂ ಒಂದನ್ನೊಂದು ಬೆಂಬಲಿಸುತ್ತವೆ. ಕಳುಹಿಸಿದವರ ಗಡಿಯಾರ ಕೆಟ್ಟಿದ್ದರೆ ಈ ಎರಡರ ನಡುವೆ ದೊಡ್ಡ ಅಂತರ ಕಾಣುತ್ತಿತ್ತು.

ದಯವಿಟ್ಟು ವಾರದ ಹೆಸರು ನೋಡಿ ತೀರ್ಮಾನಿಸಬೇಡಿ, ಸಾಲಿನ ಕೊನೆಯ ಆ ನಾಲ್ಕು ಅಂಕಿ ಓದಿ. ಚಳಿಗಾಲದಲ್ಲಿ ಅದೇ ಸಾಲು `-0800` ಆಗುತ್ತದೆ, ಆಗ ಅಂತರ ಹದಿಮೂರೂವರೆ ಗಂಟೆ. ಹೋದ ಬಾರಿ ಹನ್ನೆರಡೂವರೆ ಇತ್ತು ಎಂದು ಕಣ್ಣು ಮುಚ್ಚಿ ಸೇರಿಸಬಾರದು.

ಹೊಸನಗರದ ಕೃಷಿಕ

ಬೋರ್ಡೋ ಮಾತು ಬಂದಿತಲ್ಲ. ನಿಮ್ಮ ಕಡೆ ಜೂನ್ ಮೊದಲ ವಾರದೊಳಗೆ ಒಂದು ಸಲ ಹೊಡೆದು ಮುಗಿಸುತ್ತೀರಾ? ನಮ್ಮಲ್ಲಿ ಕೊನೆಗಾರರು ಸಿಗದೆ ತಡವಾಗಿ ಕೊಳೆ ಬಂತು.

ಮಳೆಕಾಡು

ಕೃಷಿಕರೇ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು. ಉಳಿದದ್ದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಮನುಷ್ಯನೊಬ್ಬನ ಮರ್ಯಾದೆಯ ಪ್ರಶ್ನೆ ನಡೆಯುತ್ತಿದೆ.

ಕೊಡಚಾದ್ರಿಯ ಗಾಳಿ

ಸರಿ, ಭಾನುವಾರ 8.10 ಎಂದೇ ಇಟ್ಟುಕೊಳ್ಳೋಣ. ಆದರೆ ಅಧ್ಯಕ್ಷರು ಶನಿವಾರ ರಾತ್ರಿಯೇ ಬರೆದಿರಬಹುದಲ್ಲ? ಆ ವಾರ ಮಳೆಗೆ ಕರೆಂಟು ಹೋದರೆ ಟವರ್ ಸಾಯುತ್ತದೆ, ನಮ್ಮ ಊರಿನಲ್ಲಿ ಬೆಳಿಗ್ಗೆಯವರೆಗೆ ಸಿಗ್ನಲ್ ಇರುವುದಿಲ್ಲ. ಮೊಬೈಲಿನಲ್ಲಿ ಬರೆದು ಒತ್ತಿದ್ದಾರೆ, ಅದು ಒಳಗೇ ಕುಳಿತಿತ್ತು, ಬೆಳಿಗ್ಗೆ ಸಿಗ್ನಲ್ ಬಂದಾಗ ಹೊರಟಿತು. ಮಲೆನಾಡಿನವರಿಗೆ ಇದು ಹೊಸದೇ?

ಅಂಚೆ ಪೆಟ್ಟಿಗೆ

ಇದು ನ್ಯಾಯವಾದ ಮಾತು. ಹಾಗೆ ಆಗಿರಬಹುದು. ಮೂಲ ಪತ್ರ ಅದನ್ನು ಅಲ್ಲಗಳೆಯಲಾರದು, ಹೌದು ಎನ್ನಲೂ ಆರದು. ಅದು ಹೇಳುವುದು ಸರ್ವರ್‌ಗೆ ಯಾವಾಗ ಸಿಕ್ಕಿತು ಎಂಬುದನ್ನು. ಅಧ್ಯಕ್ಷರ ಮನಸ್ಸಿನಲ್ಲಿ ಯಾವಾಗ ಬಂತು ಎಂಬುದು ಅದಕ್ಕೆ ಗೊತ್ತಿಲ್ಲ. ಆದರೆ ಖಜಾಂಚಿಯ ಮೇಲಿನ ಆರೋಪ ಏನು? "ಬೇಡ ಎಂದದ್ದನ್ನು ಓದಿಯೂ ಕಳುಹಿಸಿದರು" ಎಂದು. ಸರ್ವರ್‌ಗೇ 8.10ಕ್ಕೆ ಸಿಕ್ಕಿದ ಪತ್ರವನ್ನು 7.31ಕ್ಕೆ ಓದಿರಲು ಸಾಧ್ಯವಿಲ್ಲ. ಆ ಒಂದು ಆರೋಪ ಬಿದ್ದುಹೋಯಿತು.

ಕೊಡಚಾದ್ರಿಯ ಗಾಳಿ

ಅಷ್ಟನ್ನು ಒಪ್ಪುತ್ತೇನೆ. ಆದರೂ ಭಾನುವಾರ ಸಂಜೆಯವರೆಗೆ ಗಡುವು ಇತ್ತು. ಸಂಜೆಯವರೆಗೆ ಕಾಯಬೇಕಿತ್ತು. ಬೆಳಿಗ್ಗೆ ಏಳೂವರೆಗೆ ಏನು ಅವಸರ?

ತುಂಗೆಯ ದಡ

ಅವಸರಕ್ಕೆ ಕಾರಣ ಖಜಾಂಚಿ ಹೇಳಿದರು. ವರ್ಕ್‌ಶಾಪಿನವರು ಹಳೆಯ ದರ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಎಂದು ಫೋನ್‌ನಲ್ಲಿ ಹೇಳಿದ್ದರಂತೆ. ಅದು ಯಾವ ಮೇಲ್‌ನಲ್ಲೂ ಇಲ್ಲ. ಅಧ್ಯಕ್ಷರು ಶನಿವಾರ ರಾತ್ರಿ ಫೋನ್ ಮಾಡಿದ್ದೆ ಎನ್ನುತ್ತಾರೆ, ಖಜಾಂಚಿ ತಮಗೆ ಕರೆ ಬರಲಿಲ್ಲ ಎನ್ನುತ್ತಾರೆ. ಆ ಕರೆಯ ವಿಷಯ ನಾನು ಬರೆದು ಕೊಡುವ ಹಾಳೆಯಲ್ಲಿ ಇಬ್ಬರ ಮಾತನ್ನೂ ಹಾಗೆಯೇ ಇಡುತ್ತೇನೆ.

ಇನ್ನೊಂದು ಗೊಂದಲ. ಸಮಿತಿಯಲ್ಲಿ ನಾಲ್ಕು ಜನ. ಪ್ರಿಂಟ್‌ನಲ್ಲಿ ಕಾರ್ಯದರ್ಶಿಯ ಮಾತೇ ಇಲ್ಲ. ಅವರು ಸಭೆಯಲ್ಲಿ "ನಾನು ಏನೂ ಹೇಳಿರಲಿಲ್ಲ, ನನ್ನನ್ನು ಇದರಲ್ಲಿ ಎಳೆಯಬೇಡಿ" ಎಂದರು. ಆದರೆ ಖಜಾಂಚಿ "ಎಲ್ಲರ ಒಪ್ಪಿಗೆ" ಎಂದು ಸುಮ್ಮನೆ ಬರೆಯುವವರಲ್ಲ.

ಅಂಚೆ ಪೆಟ್ಟಿಗೆ

ಕಾರ್ಯದರ್ಶಿ ಬೇರೆ ಕೊಂಬೆಯಲ್ಲಿ ಬರೆದಿರಬಹುದು. ಪ್ರಿಂಟ್ ಮಾಡಿದ ಪತ್ರ ಒಂದು ಸಾಲಿನ ಅಜ್ಜ, ಅಪ್ಪ, ಮಗ, ಮೊಮ್ಮಗ ಎಂಬಷ್ಟನ್ನೇ ಹೊತ್ತಿರುತ್ತದೆ. ಅಪ್ಪನ ತಮ್ಮ ಅದರಲ್ಲಿ ಕಾಣುವುದಿಲ್ಲ. ಅಧ್ಯಕ್ಷರ ಶುಕ್ರವಾರದ ಪತ್ರಕ್ಕೆ ಕಾರ್ಯದರ್ಶಿ ನೇರವಾಗಿ ಉತ್ತರ ಬರೆದಿದ್ದರೆ, ಖಜಾಂಚಿಯೂ ಅದೇ ಶುಕ್ರವಾರದ ಪತ್ರಕ್ಕೆ ಉತ್ತರ ಬರೆದಿದ್ದರೆ, ಕೊಂಬೆ ಅಲ್ಲೇ ಕವಲಾಯಿತು. ಮುಂದೆ ಖಜಾಂಚಿಯ ಕೊಂಬೆ ಬೆಳೆಯಿತು, ಕಾರ್ಯದರ್ಶಿಯದು ಅಲ್ಲಿಗೇ ನಿಂತಿತು.

ಖಜಾಂಚಿಯ ಪೆಟ್ಟಿಗೆಯಲ್ಲಿ ಕಾರ್ಯದರ್ಶಿಯ ಹೆಸರು ಹಾಕಿ ಜೂನ್ 7, 8ರ ಪತ್ರ ಹುಡುಕಿ. ಸಿಕ್ಕರೆ `In-Reply-To` ಸಾಲು ನೋಡಿ. ಯಾವ ಪತ್ರಕ್ಕೆ ಉತ್ತರವೋ ಅದರ `Message-ID` ಅಲ್ಲಿರುತ್ತದೆ. To ಮತ್ತು Cc ಕೂಡ ನೋಡಿ, ಯಾರಿಗೆಲ್ಲ ಹೋಗಿತ್ತು ಎಂಬುದು ಮುಖ್ಯ.

ತುಂಗೆಯ ದಡ

ಸಿಕ್ಕಿತು! ಶುಕ್ರವಾರ ರಾತ್ರಿ 9.15, `+0530`. "ದೊಡ್ಡದೇ ಇರಲಿ, ನನ್ನ ಒಪ್ಪಿಗೆ ಇದೆ." ನಾಲ್ಕೂ ಜನರಿಗೆ ಹೋಗಿದೆ. `In-Reply-To`ದಲ್ಲಿ ಇರುವುದು ಅಧ್ಯಕ್ಷರ ಶುಕ್ರವಾರದ ಪತ್ರದ ಗುರುತೇ, ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಖಜಾಂಚಿಯ ಶನಿವಾರದ ಪತ್ರವನ್ನೂ ತೆರೆದೆ. ಅದರಲ್ಲಿ "ದೊಡ್ಡ ಡ್ರೈಯರ್‌ಗೆ ಎಲ್ಲರ ಒಪ್ಪಿಗೆ ಇದೆ ಎಂದುಕೊಂಡಿದ್ದೇನೆ" ಎಂಬುದು ಒಂದೇ ವಾಕ್ಯವಾಗಿ ಇದೆ. ಸಾಲು ಮುರಿದ ಮಾತೂ ಖಚಿತವಾಯಿತು.

ಶರಾವತಿ

ಕಾರ್ಯದರ್ಶಿ ಮರೆತರೋ, ಮರೆಸಿದರೋ. ಅದನ್ನು ಅವರನ್ನೇ ಕೇಳಿ, ಆದರೆ ಸಭೆಗೆ ಮೊದಲು, ಒಬ್ಬರೇ ಇದ್ದಾಗ ಕೇಳಿ. ನಮ್ಮ ಮನೆಯಲ್ಲಿ ಎಲ್ಲರ ಮುಂದೆ ಕಾಗದ ತೋರಿಸಿದ್ದಕ್ಕೇ ಮಾತು ಮುರಿಯಿತು.

ನಿವೃತ್ತ ಗುಮಾಸ್ತ

ಹಾಗಾದರೆ ಶನಿವಾರ ಬೆಳಿಗ್ಗೆಯ ಹೊತ್ತಿಗೆ ಕಾರ್ಯದರ್ಶಿ ಒಪ್ಪಿದ್ದಾರೆ, ಖಜಾಂಚಿ ಒಪ್ಪಿದ್ದಾರೆ, ಪ್ರಸ್ತಾಪ ಅಧ್ಯಕ್ಷರದೇ. ನಾಲ್ಕನೆಯವರು ಮಾತ್ರ ಉತ್ತರಿಸಿಲ್ಲ. ಖಜಾಂಚಿ "ಎಲ್ಲರ" ಎಂದದ್ದು ಪೂರ್ತಿ ಸರಿಯಲ್ಲ, ಆದರೆ ಬುಡವಿಲ್ಲದ ಮಾತೂ ಅಲ್ಲ. ಅಧ್ಯಕ್ಷರು ತಾವೇ ಕೇಳಿದ್ದನ್ನು ತಾವೇ ಹಿಂತೆಗೆದುಕೊಂಡದ್ದು ಭಾನುವಾರ 8.10ಕ್ಕೆ. ಠರಾವು ಇಲ್ಲ ಎಂಬ ನನ್ನ ಆಕ್ಷೇಪ ಹಾಗೆಯೇ ಇದೆ. ಆದರೆ ಅದು ಖಜಾಂಚಿಯೊಬ್ಬರ ಮೇಲಿನದಲ್ಲ, ನಾಲ್ವರ ಮೇಲಿನದು.

ಕೊಡಚಾದ್ರಿಯ ಗಾಳಿ

ಮಾರಾಯರೇ, ಪ್ರಸ್ತಾಪ ಮಾಡಿದವರು ಒಪ್ಪಿದ್ದಾರೆ ಎಂದು ಯಾರು ಹೇಳಿದರು? "ಕೊಡೋಣವೇ" ಎಂದು ಕೇಳಿದವರಿಗೆ ಕೊನೆಗೆ ಬೇಡ ಎನ್ನುವ ಹಕ್ಕಿಲ್ಲವೇ? ಅವರನ್ನು ಒಪ್ಪಿದವರ ಲೆಕ್ಕಕ್ಕೆ ಸೇರಿಸಿದ್ದನ್ನು ನಾನು ಒಪ್ಪುವುದಿಲ್ಲ.

ನಿವೃತ್ತ ಗುಮಾಸ್ತ

ಹಕ್ಕಿದೆ. ಶನಿವಾರ ಬೆಳಿಗ್ಗೆ 9.05ಕ್ಕೆ "ನಾಳೆ ಬೆಳಿಗ್ಗೆ ಕಳುಹಿಸುತ್ತೇನೆ" ಎಂಬ ಪತ್ರ ಬಂದ ಮೇಲೆ ಆ ಹಕ್ಕನ್ನು ಶನಿವಾರವೇ ಬಳಸಬೇಕಿತ್ತು.

ಕೊಡಚಾದ್ರಿಯ ಗಾಳಿ

ಅವರು ಆ ಪತ್ರ ಶನಿವಾರ ಓದಿದರೆಂದು ನಿಮಗೇನು ಗೊತ್ತು? ಖಜಾಂಚಿಗೆ ಕೊಟ್ಟ ವಿನಾಯಿತಿ ಅಧ್ಯಕ್ಷರಿಗೂ ಕೊಡಿ.

ಅಂಚೆ ಪೆಟ್ಟಿಗೆ

ಇದು ಸರಿ. ಖಜಾಂಚಿಯ ಪತ್ರ ಶನಿವಾರ ಬೆಳಿಗ್ಗೆ ಅಧ್ಯಕ್ಷರ ಪೆಟ್ಟಿಗೆ ತಲುಪಿತ್ತೆಂದು ಮೂಲದಿಂದ ತೋರಿಸಬಹುದು, ತೆರೆದು ಓದಿದ್ದು ಯಾವಾಗ ಎಂದು ತೋರಿಸಲಾಗುವುದಿಲ್ಲ. ಸಿಗ್ನಲ್ ಇಲ್ಲದ ಊರಿನಲ್ಲಿ ಈ ಎರಡರ ನಡುವೆ ಒಂದು ದಿನವೇ ಕಳೆಯಬಹುದು. ಅವರನ್ನೇ ಕೇಳಬೇಕು.

ತುಂಗೆಯ ದಡ ಅವರೇ, ಹಾಳೆ ಬರೆಯುವಾಗ ಎಲ್ಲ ಹೊತ್ತನ್ನೂ ನಮ್ಮ ಹೊತ್ತಿಗೆ ತಿರುಗಿಸಿ, ಹಳೆಯದನ್ನು ಮೇಲೆ ಇಡಿ. ಪ್ರತಿ ಸಾಲಿನ ಪಕ್ಕ ಅದು ಮೂಲ ಪತ್ರದಿಂದ ತೆಗೆದದ್ದೋ, ಪ್ರಿಂಟ್‌ನಿಂದಲೋ, ಬಾಯಿಮಾತೋ ಎಂದು ಬರೆಯಿರಿ. ಮೂಲ ಪತ್ರಗಳನ್ನು `Download original` ಒತ್ತಿ .eml ಕಡತವಾಗಿ ಇಟ್ಟುಕೊಳ್ಳಿ. ಯಾರಾದರೂ ಅಳಿಸಿದರೂ ನಿಮ್ಮಲ್ಲಿ ಇರುತ್ತದೆ.

ತುಂಗೆಯ ದಡ

ಬರೆದಿದ್ದೇನೆ. ತಪ್ಪಿದ್ದರೆ ಹೇಳಿ.

ಜೂನ್ 7, ಶುಕ್ರವಾರ ಸಂಜೆ 6.30: ದೊಡ್ಡದಕ್ಕೆ ಮುಂಗಡ ಕೊಡೋಣವೇ ಎಂದು ಅಧ್ಯಕ್ಷರ ಪ್ರಶ್ನೆ, ಭಾನುವಾರ ಸಂಜೆಯ ಗಡುವು (ಮೂಲ ಪತ್ರ).
ಅದೇ ರಾತ್ರಿ 9.15: ಕಾರ್ಯದರ್ಶಿಯ ಒಪ್ಪಿಗೆ, ನಾಲ್ವರಿಗೂ (ಮೂಲ ಪತ್ರ).
ಜೂನ್ 8, ಶನಿವಾರ ಬೆಳಿಗ್ಗೆ 9.05: ಭಾನುವಾರ ಬೆಳಿಗ್ಗೆ ಕಳುಹಿಸುತ್ತೇನೆಂದು ಖಜಾಂಚಿ (ಮೂಲ ಪತ್ರ).
ಶನಿವಾರ ರಾತ್ರಿ: ಅಧ್ಯಕ್ಷರ ಫೋನ್ ಕರೆ (ಬಾಯಿಮಾತು, ಖಜಾಂಚಿ ಒಪ್ಪುವುದಿಲ್ಲ).
ಜೂನ್ 9, ಭಾನುವಾರ ಬೆಳಿಗ್ಗೆ 7.31: ಹಣ ಹೋಯಿತು (ಬ್ಯಾಂಕ್ ಸಂದೇಶ).
8.10: ಕೊಡಬೇಡಿ ಎಂದು ಅಧ್ಯಕ್ಷರು (ಮೂಲ ಪತ್ರ).
8.55: ಅಧ್ಯಕ್ಷರ ಮಾತಿಗೆ ಕ್ಯಾಲಿಫೋರ್ನಿಯಾದವರ ಸಹಮತ (ಮೂಲ ಪತ್ರ, ಅಲ್ಲಿ ಶನಿವಾರ ರಾತ್ರಿ 8.25).

ಸಾಗರದ ಓದುಗ

ಕೊನೆಯದನ್ನು ನಾನೂ ಲೆಕ್ಕ ಹಾಕಿದೆ, ಸರಿಯಾಗಿದೆ. "ಸಹಮತ" ಎಂಬಲ್ಲಿ ಅವರ ಮಾತನ್ನೇ ಹಾಕಿಬಿಡಿ.

ತುಂಗೆಯ ದಡ

ಹಾಕುತ್ತೇನೆ. ಉಳಿದ ಸಾಲುಗಳಿಗೂ ಹಾಗೆಯೇ ಮಾಡುತ್ತೇನೆ.

ಕೊಡಚಾದ್ರಿಯ ಗಾಳಿ

ಹಾಳೆ ನ್ಯಾಯವಾಗಿದೆ. ಗಡುವಿನ ಮೊದಲೇ ಕಳುಹಿಸಿದ್ದು ಸರಿಯೇ ಎಂಬುದನ್ನು ಸಭೆ ನಿರ್ಧರಿಸಲಿ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಬೇಡ ಎಂದದ್ದನ್ನು ಖಜಾಂಚಿ ಮೀರಿದರು ಎಂದು ಇನ್ನು ಹೇಳುವುದಿಲ್ಲ.

ಹೊಸನಗರದ ಕೃಷಿಕ

ಹೇಗೂ ಹಣ ವಾಪಸು ಬರುವುದಿಲ್ಲ. ಚಿಕ್ಕದಕ್ಕೆ ವಜಾ ಮಾಡಿಕೊಳ್ಳುತ್ತಾರೆಯೇ ಎಂದು ವರ್ಕ್‌ಶಾಪಿನವರಿಂದ ಬರಹದಲ್ಲಿ ಪಡೆಯಿರಿ. ಸೌದೆಯದು.